ಲೈಟ್ ಮಿಣುಕಿದ್ರೆ ಮೊದಲು ಸದ್ದು ಕೇಳಿ

ಮೊನ್ನೆ ಅಕ್ಕನ ಮನೇಲಿ ಕರೆಂಟ್ ಹೋಯ್ತು. ಪೆಟ್ರೋಲ್ ಜನರೇಟರ್ ಹಾಕಿದ್ರೆ ಲೈಟೆಲ್ಲ ಒಮ್ಮೆ ಪ್ರಖರ, ಒಮ್ಮೆ ಮಂಕು. "ರೆಗ್ಯುಲೇಟರ್ ಹೋಗಿದೆ, ಹೊಸದು ಹಾಕಿಸ್ಬೇಕು" ಅಂದ್ರು ಭಾವ. "ತಡೀರಿ ಭಾವ, ಮೊದಲು ಸದ್ದು ಕೇಳೋಣ" ಅಂದೆ.

ಲೈಟಿನ ಜೊತೆಗೇ ಇಂಜಿನ್ ಸದ್ದೂ ಏರಿಳೀತಿತ್ತು. 50 ಹರ್ಟ್ಸ್ ಇರಬೇಕಾದ ಫ್ರೀಕ್ವೆನ್ಸಿ ಮಲ್ಟಿಮೀಟರಿನಲ್ಲಿ 47ರಿಂದ 53ರವರೆಗೆ ಓಡಾಡ್ತಿತ್ತು. ಅಂದ್ರೆ ಇಂಜಿನ್ ವೇಗವೇ ನಿಲ್ತಿಲ್ಲ. ಇದೇ ಗವರ್ನರ್ ಹಂಟಿಂಗ್. ಚೋಕ್ ಸ್ವಲ್ಪ ಎಳೆದೆ, ಸದ್ದು ಸಮವಾಯ್ತು. ಇಂಜಿನ್‌ಗೆ ಪೆಟ್ರೋಲ್ ಸಾಲ್ತಿಲ್ಲ ಅನ್ನೋದಕ್ಕೆ ಅದೇ ಸುಳಿವು. ಬಿಚ್ಚಿ ನೋಡಿದ್ರೆ ಕಾರ್ಬುರೇಟರ್ ಜೆಟ್ ಕಟ್ಟಿಕೊಂಡಿತ್ತು. ಕ್ಲೀನ್ ಮಾಡಿಸಿದ್ವಿ, ಲೈಟ್ ನೆಟ್ಟಗಾಯ್ತು.

ಸದ್ದು, ಫ್ರೀಕ್ವೆನ್ಸಿ ಎರಡೂ ಸ್ಥಿರವಾಗಿದ್ದು ವೋಲ್ಟೇಜ್ ಮಾತ್ರ ಏರಿಳಿದಿದ್ರೆ ಭಾವನ ಮಾತು ನಿಜವಾಗ್ತಿತ್ತು. ಆಗ ರೆಗ್ಯುಲೇಟರ್ ಜೊತೆಗೆ ಸವೆದ ಬ್ರಷ್‌ಗಳನ್ನೂ ನೋಡಿಸಬೇಕು.

ಜನರೇಟರಿನ ಸಾಕೆಟ್‌ನಲ್ಲಿ ವೋಲ್ಟೇಜ್ ಸರಿಯಿದ್ದು, ಒಂದೇ ಕೋಣೆಯ ಲೈಟ್ ಪಟಪಟ ಅಂದ್ರೆ? ಅಲ್ಲೆಲ್ಲೋ ವೈರ್ ಸಡಿಲವಾಗಿರುತ್ತೆ. ಅದು ಬಿಸಿಯಾಗಿ ಬೆಂಕಿ ಹತ್ತಬಹುದು. ಅಲುಗಾಡಿಸಿ ನೋಡಬೇಡಿ, ಜನರೇಟರ್ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ನ ಕರೀರಿ.