ಏಳೂವರೆಯ ಸಿರಪ್

ಬೆಳಿಗ್ಗೆ ಏಳೂವರೆಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ, ಮೈ ತಣ್ಣಗಾದ ಮಗುವನ್ನು ಡೇಕೇರ್‌ನಲ್ಲಿ ಬಿಟ್ಟು ಮೀಟಿಂಗಿಗೆ ಓಡ್ತಾರಲ್ಲ, ಅದು ಉಳಿದ ಮಕ್ಕಳ ಮನೆಯವರಿಗೆ ಮಾಡೋ ಮೋಸ. ಸಿರಪ್ ಜ್ವರವನ್ನು ನಾಲ್ಕಾರು ಗಂಟೆ ಮುಚ್ಚಿಡುತ್ತೆ, ಅಷ್ಟೇ. ಮಧ್ಯಾಹ್ನ ಫೋನ್ ಬರೋ ಹೊತ್ತಿಗೆ ಆ ಮಗು ಚೀಪಿದ ಆಟಿಕೆ ಇನ್ನೆಷ್ಟು ಬಾಯಿ ದಾಟಿರುತ್ತೋ! ಹ್ಯಾಂಡ್ ಫುಟ್ ಮೌತ್ ಕಾಯಿಲೆ ಅತಿ ಹೆಚ್ಚು ಹರಡೋದು ಮೊದಲ ವಾರದಲ್ಲೇ.

ಡೇಕೇರ್‌ನವರದ್ದು ಇನ್ನೊಂದು ಅತಿ. ಕಲೆ ಪೂರ್ತಿ ಮಾಯೋವರೆಗೆ ಬರಬೇಡಿ, ಡಾಕ್ಟರ್ ಸರ್ಟಿಫಿಕೇಟ್ ತನ್ನಿ ಅಂತಾರೆ. ಅಲ್ಲ ಸ್ವಾಮಿ, ಮಗು ಹುಷಾರಾದ ಮೇಲೂ ವೈರಸ್ಸು ಮಲದಲ್ಲಿ ವಾರಗಟ್ಟಲೆ ಹೋಗ್ತಿರುತ್ತೆ. ಒಣಗಿದ ಕಲೆ ನೋಡಿ ಏನು ತಿಳೀತು?

ನೋಡಬೇಕಾದ್ದು ಬೇರೆ. ಸೋಮವಾರ ಜ್ವರ ಬಂತು, ಮಂಗಳವಾರ ಸಂಜೆ ಕೊನೇ ಸಲ ಸಿರಪ್ ಕೊಟ್ರಿ ಅನ್ನಿ. ಬುಧವಾರ ಹಗಲೂ ರಾತ್ರಿಯೂ ಔಷಧಿಯಿಲ್ಲದೆ ಜ್ವರ ಬರಲಿಲ್ಲ, ಬಾಯಿಹುಣ್ಣಿಂದ ಜೊಲ್ಲು ಸುರೀತಿಲ್ಲ, ಗುಳ್ಳೆ ಒಡೆದು ನೀರು ಬರ್ತಿಲ್ಲ, ಮೊಸರನ್ನ ಒಳಗೆ ಹೋಗ್ತಿದೆ ಅಂದ್ರೆ ಗುರುವಾರ ಕಳಿಸಿ. ಬುಧವಾರ ಮಾತ್ರ ರಜೆ ಹಾಕಲೇಬೇಕು, ಅಪ್ಪನೂ ಹಾಕಬಹುದು.

ಬಾಗಿಲಲ್ಲಿಟ್ಟ ಸ್ಯಾನಿಟೈಸರ್‌ಗೆ ಈ ವೈರಸ್ಸು ಅಷ್ಟಾಗಿ ಬಗ್ಗಲ್ಲ. ಡೈಪರ್ ಬದಲಿಸಿದ ಮೇಲೆ ಆಯಾ ಪ್ರತಿ ಸಲ ಸೋಪು ಹಾಕಿ ಕೈ ತೊಳೀತಾರಾ? ಫೀ ಕಟ್ಟುವಾಗ ಮೊದಲು ಅದನ್ನ ಕೇಳಿ, ಸಿಸಿಟಿವಿ ವಿಷಯ ಆಮೇಲೆ.