ಸೆರಗಿನ ಎಳೆಗೆ ಕತ್ತರಿ ಹಾಕ್ಬೇಡಿ ಮಾರಾಯ್ರೆ!

ಮದುವೆ ಸೀಸನ್ ಬಂತೆಂದರೆ ಬಿ.ಸಿ.ರೋಡ್, ಬೆಳ್ತಂಗಡಿ, ಮೂಡುಬಿದಿರೆಯವರ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಸೀರೆಗಳದ್ದೇ ಸಾಲು. ಅಂಗಡಿಯ ಕಪಾಟು ಕಾಣದಿರಲಿ ಅಂತ ಸೀರೆಯನ್ನಷ್ಟೇ ಬೇರ್ಪಡಿಸಿ ಬಿಳಿ ಹಿನ್ನೆಲೆಗೆ ಇಟ್ಟಿರುತ್ತಾರೆ. ಆದರೆ ಸೆರಗಿನ ತುದಿ ನೋಡಿ, ಬ್ಲೇಡಿನಲ್ಲಿ ಕೊಯ್ದ ಹಾಗೆ ನೇರ! ಎಳೆ ಬಿಟ್ಟ ಸೆರಗಿಗೆ ಕುಚ್ಚು ಕಟ್ಟಿಸಲು ಬೇರೆ ದುಡ್ಡು, ಬೇರೆ ಸಮಯ ಬೇಕು. ಫೋಟೊದಲ್ಲಿ ಎಳೆಯೇ ಇಲ್ಲದಿದ್ದರೆ ಕೊಳ್ಳುವವರಿಗೆ ಅದು ಗೊತ್ತಾಗುವುದಾದರೂ ಹೇಗೆ?

ಸಡಿಲ ಎಳೆ ಫೋಟೊದಲ್ಲಿ ಎಷ್ಟೋ ಸಲ ಒಂದು ಪಿಕ್ಸೆಲ್‌ಗಿಂತಲೂ ಸಪೂರ. ಆ ಪಿಕ್ಸೆಲ್‌ನಲ್ಲಿ ಅರ್ಧ ಜರಿ, ಅರ್ಧ ಗೋಡೆ. ಗೆರೆ ಎಳೆದು ಎರಡು ಭಾಗ ಮಾಡುವ ಪೆನ್ ಟೂಲ್‌ಗೆ ಅದು ಸಿಗುವುದಿಲ್ಲ. ಅದಕ್ಕೆ ಬೂದುಬಣ್ಣವೂ ಇರುವ ಮಾಸ್ಕ್ ಬೇಕು.

ಮರೂನ್ ರೇಷ್ಮೆ ಸೀರೆ, ಚಿನ್ನದ ಜರಿಯ ಕುಚ್ಚು, ಹಿಂದೆ ಬಿಳಿ ಗೋಡೆ ಅಂತಿಟ್ಟುಕೊಳ್ಳಿ. ಫೋಟೊಶಾಪ್‌ನ Channels ತೆರೆದು Blue ಮಾತ್ರ ನೋಡಿ. ಚಿನ್ನದ ಬಣ್ಣದಲ್ಲಿ ನೀಲಿ ಕಡಿಮೆ, ಬಿಳಿಯಲ್ಲಿ ಭರ್ತಿ. ಹಾಗಾಗಿ ಜರಿ ಕಪ್ಪಾಗಿ, ಗೋಡೆ ಬೆಳ್ಳಗೆ ಕಾಣುತ್ತದೆ. ಆ ಚಾನೆಲ್‌ನ ಪ್ರತಿ ಮಾಡಿ, Ctrl+L ಒತ್ತಿ, ಗೋಡೆ ಪೂರ್ತಿ ಬಿಳಿಯಾಗುವಷ್ಟೇ ಬಿಳಿ ಸ್ಲೈಡರ್ ಎಳೆಯಿರಿ. ಕಪ್ಪು ಸ್ಲೈಡರ್ ಸ್ವಲ್ಪ ಸಾಕು. ಎಳೆಯ ಬೂದುಬಣ್ಣ ಅಳಿದರೆ ಎಳೆ ತಂತಿಯ ಹಾಗೆ ಒರಟಾಗುತ್ತದೆ. ಆಮೇಲೆ Ctrl+I ಒತ್ತಿ ತಿರುಗಿಸಿ, ಸೀರೆಯ ಒಡಲಿಗೆ ಬ್ರಷ್‌ನಲ್ಲಿ ಬಿಳಿ ತುಂಬಿ. ಚಾನೆಲ್‌ನ ಚಿಕ್ಕ ಚಿತ್ರದ ಮೇಲೆ Ctrl ಹಿಡಿದು ಕ್ಲಿಕ್ ಮಾಡಿದರೆ ಆಯ್ಕೆ ಸಿದ್ಧ. RGBಗೆ ಮರಳಿ, Layersನಲ್ಲಿ ಅದನ್ನೇ ಲೇಯರ್ ಮಾಸ್ಕ್ ಮಾಡಿ.

ಇಲ್ಲಿ ಎರಡು ಕಡೆ ಎಡವುತ್ತೇವೆ. ಜರಿ ಲೋಹದ ಎಳೆ, ಲೈಟ್ ಬಿದ್ದಲ್ಲಿ ಬೆಳ್ಳಗೆ ಮಿಂಚುತ್ತದೆ. ಆ ಮಿಂಚನ್ನು ಮಾಸ್ಕ್ ಗೋಡೆ ಅಂದುಕೊಳ್ಳುವುದರಿಂದ ಎಳೆ ಮಧ್ಯೆ ತುಂಡಾಗುತ್ತದೆ. ಅಲ್ಲಿ ಮಾಸ್ಕ್ ಮೇಲೆ ಎರಡು ಪಿಕ್ಸೆಲ್‌ನ ಬಿಳಿ ಬ್ರಷ್ ಆಡಿಸಿದರೆ ಜೋಡಣೆಯಾಗುತ್ತದೆ. ಇನ್ನೊಂದು, ಎಳೆಯ ಸುತ್ತ ಉಳಿಯುವ ಗೋಡೆಯ ಬಣ್ಣ. ಬಿಳಿ ಹಿನ್ನೆಲೆಯಲ್ಲಿ ಅದು ಕಾಣಿಸದು, ಹಾಗಾಗಿ ಕೆಳಗೊಂದು ಕಡುಹಸಿರು ಲೇಯರ್ ಇಟ್ಟು ನೋಡಿ. ಬಿಳಿ ಅಂಚು ಕಂಡರೆ Select and Mask ಒಳಗಿನ Decontaminate Colors ಬಳಸಿ. ಅದು ಪಿಕ್ಸೆಲ್‌ನ ಬಣ್ಣವನ್ನೇ ಬದಲಿಸುವುದರಿಂದ ಮೂಲ ಲೇಯರ್ ಬೇರೆಯಾಗಿರಲಿ.

ಹಿಂದೆ ಇನ್ನೊಂದು ಜರಿ ಸೀರೆ ತೂಗುತ್ತಿದ್ದರೆ ಈ ಉಪಾಯ ನಡೆಯದು, ಎರಡೂ ಚಿನ್ನವೇ ಅಲ್ವಾ? ಬಿಳಿ ಬೆಡ್‌ಶೀಟ್ ಕಟ್ಟಿ ಮತ್ತೆ ಫೋಟೊ ತೆಗೆಯುವುದೇ ಸುಲಭ. ಆ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ Document ಆಗಿ ಕಳಿಸಿ. ಮಾಮೂಲಿಯಾಗಿ ಕಳಿಸಿದರೆ ಫೋಟೊ ಕುಗ್ಗಿ ಒಂಟಿ ಎಳೆಗಳು ದಾರಿಯಲ್ಲೇ ಮಾಯ, ಆಮೇಲೆ ಯಾವ ಮಾಸ್ಕೂ ಅವನ್ನು ವಾಪಸ್ ತರದು. ಕೊನೆಗೆ ಮೂಲ ಫೋಟೊವನ್ನೂ ನಿಮ್ಮದನ್ನೂ 200%ಗೆ ಹಿಗ್ಗಿಸಿ ಅಕ್ಕಪಕ್ಕ ಇಡಿ. ಎಳೆಗಳ ತುದಿ ಎರಡರಲ್ಲೂ ಒಂದೇ ಕಡೆ ಮುಗಿದರೆ ಸ್ಟೇಟಸ್‌ಗೆ ಹಾಕಬಹುದು.