ಊಟ ತರುವ ‘ನಾವು’ ಯಾರು?

ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಬಾಳಿದವರಿಗೆ ಗೊತ್ತು: ಇಲ್ಲಿ ಎಡಬದಿಯ ಮನೆ ತಮಿಳರದಾದರೆ ಬಲಬದಿಯದು ತೆಲುಗರದು, ನಡುವೆ ಸಿಕ್ಕಿಕೊಂಡ ಕನ್ನಡಿಗನೇ ಎರಡೂ ಕಡೆಯ ದುಭಾಷಿ. ‘ನಿಮಗೆ ಎರಡೂ ಬರುತ್ತದಲ್ಲ’ ಎಂದು ಕೆಲಸ ಒಪ್ಪಿಸುತ್ತಾರೆ, ನಾವು ಉಬ್ಬಿ ಒಪ್ಪಿಕೊಳ್ಳುತ್ತೇವೆ. ಯುಗಾದಿಯ ಮಾರನೆಯ ಭಾನುವಾರ ಪಾರ್ಕಿನಲ್ಲಿ ಎಲ್ಲರೂ ಸೇರುವ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಸಾಲಿನ ಚೀಟಿಯೊಂದು ನಮ್ಮ ಕೈಗೆ ಬಂದದ್ದು ಹೀಗೆಯೇ. ಅದರ ಅರ್ಥ ಇಷ್ಟು: ‘ಭಾನುವಾರ ಸಂಜೆ ನಾವು ಪಾರ್ಕಿನಲ್ಲಿ ಸೇರುತ್ತಿದ್ದೇವೆ. ಊಟ ನಾವು ತರುತ್ತೇವೆ. ನೀವು ಬಂದರೆ ನಮಗೆ ಸಂತೋಷ. ಒಂಬತ್ತಕ್ಕೆ ನಾವು ಜಾಗ ತೆರವು ಮಾಡಬೇಕು.’ ನಾಲ್ಕು ಕಡೆಯೂ ಇಂಗ್ಲಿಷಿನ ಒಂದೇ ‘ವೀ’.

ನಾವು ಮಾಡಿದ್ದೇನು? ತೆಲುಗಿನಲ್ಲಿ ಉದ್ದಕ್ಕೂ ‘ಮನಂ’, ತಮಿಳಿನಲ್ಲಿ ಉದ್ದಕ್ಕೂ ‘ನಾಮ್’ ಎಂದು ಬರೆದೆವು. ಭಾನುವಾರ ಸಂಜೆ ತೆಲುಗು ಮನೆಗಳವರು ಪುಳಿಹೋರದ ಪಾತ್ರೆಗಳನ್ನು ಹೊತ್ತು ಬಂದರು, ತಮಿಳು ಮನೆಗಳವರು ಮೊಸರನ್ನದ ಡಬ್ಬಿಗಳೊಂದಿಗೆ ಬಂದರು; ಸಂಘಟಕರು ಹೇಳಿ ಮಾಡಿಸಿದ್ದ ಊಟ ಅರ್ಧಕ್ಕರ್ಧ ಉಳಿಯಿತು. ‘ಮನಂ ತೆಸ್ತಾಮನಿ ಕದಂಡೀ ರಾಶಾರು’ ಎಂದು ಮೂರನೆಯ ಮಹಡಿಯ ತೆಲುಗು ಮಹಿಳೆ ನಗುತ್ತಲೇ ಕೇಳಿದರು. ‘ನಾವೆಲ್ಲ ಸೇರಿ ತರೋಣ ಅಂತಲ್ಲವೇ ನೀವು ಬರೆದಿದ್ದು’ ಎಂದರ್ಥ. ಅವರು ಓದಿದ್ದು ಸರಿಯಾಗಿಯೇ ಇತ್ತು.

ನಮ್ಮ ತಕರಾರು ಈ ಪುಳಿಹೋರದ ಬಗ್ಗೆಯಲ್ಲ. ಕನ್ನಡಿಗ ಅನುವಾದಕರಲ್ಲಿ, ನಮ್ಮ ಗೆಳೆಯರ ಬಳಗದಲ್ಲೂ, ಬೇರೂರಿರುವ ಒಂದು ಸಿದ್ಧಾಂತದ ಬಗ್ಗೆ. ‘ಅನುಮಾನವಿದ್ದಲ್ಲಿ ಮನಂ ಹಾಕಿ, ನಾಮ್ ಹಾಕಿ, ಅದರಲ್ಲಿ ಆತ್ಮೀಯತೆ ಇದೆ. ಮೇಮು, ನಾಂಗಳ್ ಎಂದರೆ ಕೇಳುವವರನ್ನು ದೂರ ತಳ್ಳಿದಂತೆ’ ಎಂಬುದು ಅದರ ಸಾರ. ಈ ಸಿದ್ಧಾಂತ ತಪ್ಪು. ಅದರ ಹಿಂದಿರುವುದು ಆತ್ಮೀಯತೆಯೂ ಅಲ್ಲ, ಕನ್ನಡದ ಕಿವಿ. ‘ನಾವು, ನಮ್ಮ’ ಎಂಬ ನಮ್ಮ ಮಾತಿಗೆ ‘ನಾಮ್, ನಮ್ಮ’ ಎಂಬ ತಮಿಳು ಧ್ವನಿ ಹತ್ತಿರವಾಗಿ ಕೇಳುತ್ತದೆ. ಹತ್ತಿರವಾಗಿ ಕೇಳುವುದನ್ನೇ ನಾವು ಹೃದಯಕ್ಕೆ ಹತ್ತಿರ ಎಂದು ಭ್ರಮಿಸಿದ್ದೇವೆ.

ವಿಷಯ ಸರಳವಾಗಿದೆ. ಕೇಳುವವನನ್ನೂ ಒಳಗೊಂಡ ‘ನಾವು’ ತಮಿಳಿನಲ್ಲಿ ನಾಮ್, ತೆಲುಗಿನಲ್ಲಿ ಮನಮು ಅಥವಾ ಮನಂ. ಕೇಳುವವನನ್ನು ಬಿಟ್ಟ ‘ನಾವು’ ತಮಿಳಿನಲ್ಲಿ ನಾಂಗಳ್, ತೆಲುಗಿನಲ್ಲಿ ಮೇಮು. ತುಳುವಿನಲ್ಲಿ ನಮ, ಎಂಕುಳು ಎಂಬ ಜೋಡಿ ಇದೇ ಕೆಲಸ ಮಾಡುತ್ತದೆ. ಮರಾಠಿಯ ಆಪಣ್, ಆಮ್ಹೀ ಕೂಡ. ಹಳಗನ್ನಡದಲ್ಲಿ ‘ಎಮ್ಮ’, ‘ನಮ್ಮ’ ಎಂಬ ಎರಡು ರೂಪಗಳಿದ್ದವು. ಇಂದಿನ ಕನ್ನಡ ಒಂದನ್ನೇ ಉಳಿಸಿಕೊಂಡಿತು. ಆದರೆ ಕನ್ನಡಿಗನಿಗೆ ಈ ಭೇದವೇ ತಿಳಿಯದೆಂಬ ನೆವ ಸಲ್ಲದು. ‘ಹೋಗೋಣ’ ಎಂದಾಗ ಕೇಳುವವನು ಒಳಗಿದ್ದಾನೆ. ‘ಹೋಗುತ್ತೇವೆ’ ಎಂದಾಗ ಒಳಗಿರಬಹುದು, ಹೊರಗಿರಬಹುದು. ಸರ್ವನಾಮದಲ್ಲಿ ಕಳೆದುಕೊಂಡದ್ದನ್ನು ನಮ್ಮ ಕ್ರಿಯಾಪದ ಇಷ್ಟಾದರೂ ಕಾಪಾಡಿಕೊಂಡಿದೆ. ಇಂಗ್ಲಿಷ್ ಸಾಲನ್ನು ಮೊದಲು ‘-ಓಣ’ ಹಚ್ಚಿ ಕನ್ನಡದಲ್ಲಿ ಹೇಳಿ ನೋಡಿದರೆ ಅರ್ಧ ಸಂಶಯ ಅಲ್ಲೇ ಹರಿಯುತ್ತದೆ. ‘ಊಟ ತರೋಣ’ ಎಂದು ಆ ಚೀಟಿಯವರು ಹೇಳುತ್ತಿದ್ದರೇ? ಇಲ್ಲ. ಹಾಗಿದ್ದ ಮೇಲೆ ಅದು ಮೇಮು, ನಾಂಗಳ್.

ಉಳಿದರ್ಧ ಸಂಶಯ ಹರಿಯಬೇಕಾದರೆ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ನೋಡಬೇಕು. ಸಾಲಿನ ಒಳಗೆ ಹುಡುಕಿ ಫಲವಿಲ್ಲ. ‘ಹಾಲು ಮುಗಿದಿದೆ’ ಎಂಬರ್ಥದ ‘ವೀ ಆರ್ ಔಟ್ ಆಫ್ ಮಿಲ್ಕ್’ ಎಂಬ ಮಾತನ್ನು ಹೆಂಡತಿ ಗಂಡನಿಗೆ ಹೇಳಿದರೆ ಅದು ಮನ ಮನೆಯ ಹಾಲು; ಡೈರಿಯಂಗಡಿಯವನು ಗಿರಾಕಿಗೆ ಹೇಳಿದರೆ ಅದು ಮಾ ಅಂಗಡಿಯ ಹಾಲು. ‘ನಾವು ಮದುವೆಯಾಗುತ್ತಿದ್ದೇವೆ’ ಎಂದು ಹುಡುಗ ತನ್ನ ಗೆಳೆಯನಿಗೆ ಹೇಳುವಾಗ ‘ಮನಂ’ ಬಂದರೆ, ಆ ಗೆಳೆಯ ಗಾಬರಿಯಾಗಬೇಕಾದೀತು. ‘ವೀ ಮಿಸ್ ಯೂ’ ಎಂಬಲ್ಲಂತೂ ಆಯ್ಕೆಯೇ ಇಲ್ಲ; ನೆನಪಿಗೆ ಬರುವವನು ನೆನೆಯುವವರ ಗುಂಪಿನಲ್ಲಿ ಇರಲಾರ. ‘ವೀ ನೀಡ್ ಟು ಟಾಕ್’ ಎಂಬುದು ಸಾಮಾನ್ಯವಾಗಿ ಮನಂ, ನಾಮ್. ಮಾತನಾಡಲು ಎದುರಿನವನು ಬೇಕು.

ಆತ್ಮೀಯತೆಯ ಸಿದ್ಧಾಂತ ಎಲ್ಲಿ ಅನ್ಯಾಯಕ್ಕೆ ತಿರುಗುತ್ತದೆಂಬುದನ್ನು ಸರ್ಕಾರಿ ನೌಕರರಾದ ನಾವು ಚೆನ್ನಾಗಿ ಬಲ್ಲೆವು. ‘ವೀ ಮೇಡ್ ಎ ಮಿಸ್ಟೇಕ್’ ಎಂದು ಕಚೇರಿ ಪಿಂಚಣಿದಾರರಿಗೆ ಬರೆಯಿತೆಂದು ಇಟ್ಟುಕೊಳ್ಳಿ. ಅದನ್ನು ‘ಮನಂ ತಪ್ಪು ಚೇಶಾಂ’ ಎಂದು ತಿರುಗಿಸಿದರೆ ಕಡತ ಕಳೆದ ತಪ್ಪಿನಲ್ಲಿ ಆ ವೃದ್ಧರೂ ಪಾಲುದಾರರಾಗುತ್ತಾರೆ. ಕ್ಷಮೆ ಕೇಳುವವನು ಹೊರಗೆ ನಿಂತು ಕೇಳಬೇಕು: ‘ಮೇಮು ತಪ್ಪು ಚೇಶಾಂ’. ಇಲ್ಲಿ ಮೇಮು ದೂರ ತಳ್ಳುವುದಿಲ್ಲ. ಹೊಣೆಯನ್ನು ತಾನೇ ಹೊರುತ್ತದೆ. ಊಟದ ಸಾಲಿನಲ್ಲೂ ಅಷ್ಟೇ, ಕೇಳುವವರನ್ನು ಬಿಡುವುದೇ ಅಲ್ಲಿ ಔದಾರ್ಯ.

ಇದಕ್ಕಿಂತ ಮೋಜಿನ ಹೊಂಡ ಷಷ್ಠಿಯಲ್ಲಿದೆ. ಕನ್ನಡಿಗ ‘ನಮ್ಮ ಅಮ್ಮ’ ಎನ್ನುವಂತೆ ತೆಲುಗರು ‘ಮಾ ಅಮ್ಮ’ ಎನ್ನುತ್ತಾರೆ, ತಮಿಳರು ‘ಎಂಗ ಅಮ್ಮಾ’ ಎನ್ನುತ್ತಾರೆ. ಒಬ್ಬನೇ ಮಗನಾದರೂ ಬಹುವಚನ, ಅದೂ ಕೇಳುವವನನ್ನು ಬಿಟ್ಟದ್ದು. ‘ಮಾ ಆವಿಡ’ ಎಂದರೆ ನನ್ನ ಹೆಂಡತಿ. ನಮ್ಮ ಸಿದ್ಧಾಂತಿಗಳು ಆತ್ಮೀಯತೆಯಿಂದ ‘ಮನ ಆವಿಡ’ ಎಂದುಬಿಟ್ಟರೆ ಎದುರಿನವರ ಮುಖ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ವಿರುದ್ಧ ಎತ್ತಬಹುದಾದ ಮಾತೊಂದಿದೆ, ಅದು ನಿಜವೂ ಹೌದು. ಆಡುಮಾತಿನ ತಮಿಳಿನಲ್ಲಿ ‘ನಮ್ಮ’ ತುಂಬ ಸಡಿಲ. ಅತಿಥಿಗೆ ‘ನಮ್ಮ ವೀಡುದಾನ್’ ಎಂದು ಹೇಳುವುದುಂಟು, ಅಲ್ಲಿ ಮನೆ ಅತಿಥಿಯದಲ್ಲದಿದ್ದರೂ ಮಾತು ಚೆಲುವಾಗಿದೆ. ತೆಲಂಗಾಣ ಸರ್ಕಾರ 2022ರಲ್ಲಿ ಶಾಲೆಗಳ ಯೋಜನೆಗೆ ‘ಮನ ಊರು ಮನ ಬಡಿ’ ಎಂದು ಹೆಸರಿಟ್ಟಾಗಲೂ ಕೇಳುವವರನ್ನು ಬೇಕೆಂದೇ ಒಳಕ್ಕೆ ಕರೆದಿತ್ತು. ಆದರೆ ಇವು ಆಡುವವರು ಬೇಕೆಂದು ತೆಗೆದುಕೊಂಡ ಸಲುಗೆಗಳು. ಆಯ್ಕೆ ಮಾಡಲು ಬಾರದ ಅನುವಾದಕ ಅದನ್ನೇ ತನ್ನ ರಕ್ಷಾಕವಚ ಮಾಡಿಕೊಳ್ಳುವಂತಿಲ್ಲ. ಆಯ್ಕೆಯ ತೂಕ ಎಷ್ಟೆಂಬುದಕ್ಕೆ ಸಂವಿಧಾನದ ಪೀಠಿಕೆಯನ್ನೇ ನೋಡಬಹುದು: ‘ನಾವು’ ಎಂಬಲ್ಲಿ ತಮಿಳು ಅನುವಾದ ನಾಮ್ ಎಂದರೆ, ತೆಲುಗು ಮೇಮು ಎನ್ನುತ್ತದೆ. ಪ್ರಜೆಗಳು ಪರಸ್ಪರ ಮಾತಾಡಿಕೊಳ್ಳುತ್ತಿದ್ದಾರೆಯೋ, ಲೋಕಕ್ಕೆ ಸಾರುತ್ತಿದ್ದಾರೆಯೋ ಎಂದು ಕೇಳಿಕೊಂಡರೆ ಎರಡಕ್ಕೂ ಸಮರ್ಥನೆ ಸಿಗುತ್ತದೆ. ಹಾಲಿನ ಮಾತಿಗೆ ಆ ಸೌಲಭ್ಯವಿಲ್ಲ.

ಸರ್ವನಾಮವನ್ನೇ ಬಿಟ್ಟುಬಿಟ್ಟರೆ? ಇದು ಜಾಣರ ದಾರಿ. ನಾಮ್, ನಾಂಗಳ್ ಎರಡಕ್ಕೂ ತಮಿಳು ಕ್ರಿಯಾಪದ ‘-ಓಮ್’ ಎಂದೇ ಮುಗಿಯುತ್ತದೆ. ತೆಲುಗಿನಲ್ಲೂ ಎರಡಕ್ಕೂ ಒಂದೇ ಪ್ರತ್ಯಯ. ‘ವೆಳ್ತುನ್ನಾಂ’ ಎಂದಷ್ಟೇ ಬರೆದು ಪಾರಾಗಬಹುದು. ಆದರೆ ‘ನಮಗೆ’, ‘ನಮ್ಮ’ ಎಂಬುದು ಬಂದ ಕೂಡಲೇ ಮಾಕು, ಮನಕು, ಎಂಗಳುಕ್ಕು, ನಮಕ್ಕು ಎಂಬ ಕವಲು ಮತ್ತೆ ಎದುರಾಗುತ್ತದೆ. ಚೀಟಿಯ ಮೂರನೆಯ ಸಾಲು, ‘ನಮಗೆ ಸಂತೋಷ’, ಅಂಥದ್ದು.

ನಾಲ್ಕನೆಯ ಸಾಲಿಗೆ ಮಾತ್ರ ಯಾವ ಸೂತ್ರವೂ ಸಾಲದು. ಒಂಬತ್ತಕ್ಕೆ ಎಲ್ಲರೂ ಎದ್ದು ಹೋಗಬೇಕೋ, ಸಂಘಟಕರು ಮಾತ್ರ ಚಾಪೆ ಮಡಚಿ ಕಸ ಎತ್ತಬೇಕೋ ಎಂಬುದು ಇಂಗ್ಲಿಷಿನಲ್ಲಿಲ್ಲ. ಬರೆದವರನ್ನೇ ಕೇಳಬೇಕು, ಕೇಳಲು ನಾವು ನಾಚಿದ್ದೆವು. ಮರುವರ್ಷ ಅದೇ ಚೀಟಿ ಬಂದಾಗ ಫೋನ್ ಮಾಡಿ ಕೇಳಿದೆವು. ‘ಎಲ್ಲರೂ ಹೊರಡಬೇಕು, ಗುಡಿಸುವುದು ನಾವು’ ಎಂದರು. ಹಾಗಾಗಿ ಸೇರುವುದಕ್ಕೆ ಮನಂ, ಊಟಕ್ಕೆ ಮೇಮು, ಸಂತೋಷಕ್ಕೆ ಮಾಕು, ಹೊರಡುವುದಕ್ಕೆ ಮತ್ತೆ ಮನಂ ಎಂದು ಬರೆದೆವು. ಗುಡಿಸುವ ವಿಷಯಕ್ಕೆ ‘ಮೇಮೇ’ ಎಂದು ಒತ್ತು ಕೊಟ್ಟು ಐದನೆಯ ಸಾಲನ್ನೂ ಸೇರಿಸಿದೆವು. ಮೂರನೆಯ ಮಹಡಿಯವರು ಆ ಸಲ ಬರಿಗೈಯಲ್ಲಿ ಬಂದರು.